ಬದುವಿನ ಮೇಲಿದ್ದ ಗಂಧದ ಮರ

ಕಡೂರಿನ ಪೇಟೆಬೀದಿಯಲ್ಲಿ ಪೂಜೆ ಸಾಮಾನು ಮಾರುವ ಷಡಕ್ಷರಿಯ ಗ್ರಂಧಿಗೆ ಅಂಗಡಿ ಎಲ್ಲಿದೆ ಎಂದು ಯಾರೂ ಕೇಳಬೇಕಿರಲಿಲ್ಲ. ಮೂಗಿದ್ದವರು ನೇರವಾಗಿ ಬಂದು ನಿಲ್ಲುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಪಡಸಾಲೆಯಲ್ಲಿ ಹುಲಿಯಮ್ಮ ಮತ್ತು ಇನ್ನಿಬ್ಬರು ಹೆಂಗಸರು ಮಣೆ ಹಾಕಿಕೊಂಡು ಕೂತು ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿ, ಜಿಗಟು ಪುಡಿ, ನೀರು ಕಲಸಿ, ಬಿದಿರು ಕಡ್ಡಿಗೆ ಸುತ್ತಿ, ಅಂಗೈಯಲ್ಲಿ ಒಮ್ಮೆ ಸರ್‍ ಎಂದು ಹೊರಳಿಸಿದರೆ ಬತ್ತಿ. ಅದನ್ನು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ವಾಸನೆಯೆಲ್ಲ ಗಾಳಿಯ ಪಾಲು. ಅಂಗಡಿ ಹೆಸರಿಗೆ ಷಡಕ್ಷರಿಯದು. ಹಿಟ್ಟಿಗೆ ಯಾವ ವಾಸನೆ ಎಷ್ಟು ಬೀಳಬೇಕು ಎಂಬ ಹದ ಮಾತ್ರ ಹೆಂಡತಿ ಗುರುಶಾಂತಮ್ಮನದು. ಆ ಹದಕ್ಕೆ ಷಡಕ್ಷರಿ ಕೈ ಹಾಕಿದರೆ ಆವತ್ತು ಅವನಿಗೆ ಸಪ್ಪೆ ಸಾರು ಗ್ಯಾರಂಟಿ.

ಈ ಗುರುಶಾಂತಮ್ಮ ಹುಟ್ಟಿದ್ದು ಲಿಂಗದಹಳ್ಳಿಯ ಆಚೆ, ಗುಡ್ಡದ ಬುಡದ ಒಂದು ಪುಟ್ಟ ಊರಿನಲ್ಲಿ. ಅಪ್ಪ ಬಸವರಾಜಪ್ಪ, ತಮ್ಮ ತೀರ್ಥಪ್ಪ. ಅವರ ರಾಗಿ ಹೊಲದ ಬದುವಿನ ಮೇಲೆ ಒಂದು ಹೊಂಗೆ ಮರ, ಅದರ ಪಕ್ಕದಲ್ಲಿ ಒಂದು ಗಂಧದ ಮರ. ಗಂಧವನ್ನು ಯಾರೂ ನೆಟ್ಟದ್ದಲ್ಲ. ಯಾವುದೋ ಹಕ್ಕಿ ಹಣ್ಣು ತಿಂದು ಬಂದು ಹೊಂಗೆಯ ಕೊಂಬೆಯ ಮೇಲೆ ಕೂತು ಉದುರಿಸಿದ ಬೀಜ. ಗಂಧ ಒಂಟಿಯಾಗಿ ಬಾಳುವ ಗಿಡವಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿಕೊಂಡೇ ಬೆಳೆಯುವುದು. ಹೊಂಗೆ ಪಾಪ ಏನೂ ಅನ್ನದೆ ಅದನ್ನು ಸಾಕಿತು.

ಚಿಕ್ಕವಳಿದ್ದಾಗ ಗುರುಶಾಂತಮ್ಮ ಆ ಮರವನ್ನು ತಬ್ಬಿ ಹಿಡಿದು ತೊಗಟೆಗೆ ಮೂಗು ಒತ್ತಿ ಒತ್ತಿ ನೋಡಿದ್ದಳು. ಏನೂ ಇಲ್ಲ. ಎಲ್ಲ ಮರದ ಹಾಗೆ ಮಣ್ಣು, ಇರುವೆ, ಒಣಗಿದ ಪಾಚಿಯ ವಾಸನೆ.

"ಅಪ್ಪಾ, ಇದು ಸುಳ್ಳು ಗಂಧ ಕಣಪ್ಪಾ!" ಎಂದು ಅತ್ತಿದ್ದಳು.

ಬಸವರಾಜಪ್ಪ ನೇಗಿಲು ನಿಲ್ಲಿಸಿ ನಕ್ಕಿದ್ದ. "ವಾಸ್ನೆ ಒಳಗೈತೆ ಕಣೇ. ತಿರುಳಲ್ಲಿ. ಇಪ್ಪತ್ತು ಮೂವತ್ತು ವರ್ಸ ಕಾಯ್ಬೇಕು. ನಿಂಗೆ ಮದ್ವೆ ಆಗಿ ಮಕ್ಳಾಗೋ ಹೊತ್ಗೆ ಬತ್ತೈತೆ ತಕೋ."

"ಆಮೇಲೆ ನಮ್ಗೇನಾ?"

"ನಮ್ಗೆಲ್ಲಿ? ಗಂಧ ಯಾರ ಹೊಲದಲ್ಲಿ ಹುಟ್ಟಿದ್ರೂ ಸರ್ಕಾರದ್ದು. ಮರ ಅವ್ರದ್ದು, ನೆರಳು ನಮ್ದು. ಕಾಯೋ ಕೆಲ್ಸಾನೂ ನಮ್ದೇ."

ಆ ಮರದ ಮೇಲೆ ಅರಣ್ಯ ಇಲಾಖೆಯವರು ನಂಬರು ಬರೆದು ಹೋಗಿದ್ದರು. ಬಲಿತ ಮೇಲೆ ಅವರೇ ಬಂದು ಬೇರುಸಮೇತ ಕಿತ್ತು, ತರೀಕೆರೆಯ ಗಂಧದ ಕೋಠಿಗೆ ಸಾಗಿಸಿ, ಹರಾಜು ಹಾಕಿ, ಹೊಲದವನಿಗೆ ಅಷ್ಟೋ ಇಷ್ಟೋ ಪಾಲು ಕೊಡುತ್ತಾರೆ. ಬೇರುಸಮೇತ ಏಕೆಂದರೆ ಎಣ್ಣೆ ಹೆಚ್ಚಿರುವುದು ಬೇರಿನಲ್ಲೇ. ಅಷ್ಟರೊಳಗೆ ಕಳ್ಳತನವಾದರೆ ಹೊಲದವನು ಹೋಗಿ ಹೇಳಬೇಕು, ಹೇಳದಿದ್ದರೆ ಅವನೇ ಕಳ್ಳ. ಇಷ್ಟೆಲ್ಲ ರಗಳೆಯಿದ್ದರೂ ಬಸವರಾಜಪ್ಪ ಆ ಮರವನ್ನು ಮಗಳ ಜೊತೆಗೇ ಬೆಳೆಸಿದ. ಉಳುವಾಗ ನೇಗಿಲು ಬೇರಿಗೆ ತಾಗದ ಹಾಗೆ ಸುತ್ತು ಹಾಕುತ್ತಿದ್ದ. ಸಾಯುವ ಮುಂಚೆ ಮಗನ ಕೈಗೆ ಹೊಲ ಕೊಟ್ಟಾಗಲೂ ಮರದ ವಿಷಯ ಬೇರೆಯಾಗಿ ಹೇಳಿ ಹೋದ.

ಗುರುಶಾಂತಮ್ಮ ಕಡೂರಿಗೆ ಸೊಸೆಯಾಗಿ ಬಂದ ಮೇಲೆ ಗಂಧದ ವಾಸನೆ ಅವಳ ಸೆರಗಿಗೆ, ಜಡೆಗೆ, ಉಣ್ಣುವ ಅನ್ನಕ್ಕೂ ಅಂಟಿತು. ಆದರೂ ಆಕೆಗೆ ಒಂದು ಆಸೆ ಉಳಿದೇ ಇತ್ತು. ಅಪ್ಪನ ಬದುವಿನ ಮರದ ವಾಸನೆ ಹೇಗಿರಬಹುದು? ಎಣ್ಣೆಯ ಸೀಸೆ ಬಿಚ್ಚಿದಾಗಲೆಲ್ಲ ಮುಂಗೈಗೆ ಒಂದು ಹನಿ ಇಟ್ಟುಕೊಂಡು, ಕಣ್ಣು ಮುಚ್ಚಿ, ತವರಿನ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದಳು. ಹುಲಿಯಮ್ಮ ನೋಡಿ, "ಅಮ್ಮೋರು ಊರಿಗೋದ್ರು ನೋಡ್ರೇ!" ಎಂದು ಕಿಸಕ್ಕನೆ ನಗುತ್ತಿದ್ದಳು.

ಪ್ರತಿ ವರ್ಷ ಗೌರಿ ಹಬ್ಬಕ್ಕೆ ತೀರ್ಥಪ್ಪ ತವರಿನ ಬಾಗಿನ ಹಿಡಿದು ಬರುತ್ತಿದ್ದ. ಅವನು ಬರುವ ದಿನ ಗುರುಶಾಂತಮ್ಮ ಬೆಳಗಿನಿಂದ ಬಾಗಿಲಿಗೂ ಒಲೆಗೂ ಓಡಾಡಿ ಓಡಾಡಿ ಕಾಲು ನೋಯಿಸಿಕೊಳ್ಳುತ್ತಿದ್ದಳು. ತಮ್ಮ ಹೊರಡುವಾಗ ಆಕೆ ತಾನೇ ಹೊಸೆದ ಗಂಧದ ಕಡ್ಡಿಯ ಒಂದು ಕಟ್ಟು ಅವನ ಚೀಲಕ್ಕೆ ಇಡುತ್ತಿದ್ದಳು. "ಅಪ್ಪನ ಫೋಟೋ ಮುಂದೆ ಹಚ್ಚೋ" ಎನ್ನುತ್ತಿದ್ದಳು. ಅಕ್ಕ ತಮ್ಮಂದಿರ ನಡುವೆ ಇದೊಂದು ತಪ್ಪದ ಪದ್ಧತಿ.

ಎಪ್ಪತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಗಂಧದೆಣ್ಣೆಯ ಬೆಲೆ ಏರಿಕೊಂಡು ಕೂತಿತು. ಬಲಿತ ಮರಗಳು ಕಡಿಮೆಯಾಗಿದ್ದವು. ಸ್ಪೈಕ್ ರೋಗ ಬಂದು ಎಲೆ ಮುರುಟಿ ಒಣಗಿದವು ಕೆಲವು. ಕಳ್ಳರ ಪಾಲಾದವು ಹಲವು. ಶಿವಮೊಗ್ಗದ ಸರ್ಕಾರಿ ಎಣ್ಣೆ ಕೊಳ್ಳಲು ಷಡಕ್ಷರಿ ಗಲ್ಲಾ ಬರಿದು ಮಾಡಬೇಕಾಗುತ್ತಿತ್ತು. ಆಗಲೇ ಅಜ್ಜಂಪುರದ ಕಡೆಯಿಂದ ಕರಿಸಿದ್ದಪ್ಪ ಎಂಬ ಮಾತಿನಮಲ್ಲ ಸೈಕಲ್ಲಿನ ಮೇಲೆ ಒಂದು ಡಬ್ಬಿ ಕಟ್ಟಿಕೊಂಡು ಬಂದ. ಡಬ್ಬಿಗೆ ಸೀಲಿಲ್ಲ, ಅವನ ಬಳಿ ಬಿಲ್ಲಿಲ್ಲ. ಎಣ್ಣೆ ಮಾತ್ರ ಅಪ್ಪಟ. ಬೆಲೆಯೋ ಸರ್ಕಾರಿ ಬೆಲೆಯ ಅರ್ಧದಷ್ಟೂ ಇಲ್ಲ.

"ಎಲ್ಲಿಂದ ತಂದ್ಯಪ್ಪಾ?" ಎಂದು ಗುರುಶಾಂತಮ್ಮ ಬಾಗಿಲ ಮರೆಯಿಂದ ಕೇಳಿದಳು.

"ಮರದಿಂದ ಕಣಕ್ಕಾ!" ಎಂದು ಕರಿಸಿದ್ದಪ್ಪ ನಕ್ಕ.

ಷಡಕ್ಷರಿಯೂ ನಕ್ಕ. ಕರಿಸಿದ್ದಪ್ಪ ಹೋದ ಮೇಲೆ ಹೆಂಡತಿಯ ಮುಖ ನೋಡಿ, "ಗಿರಾಕಿ ಮೂಗಿಗೆ ಹಿಡ್ದು ನೋಡ್ತಾನೆ, ಬಿಲ್ಲು ಕೇಳಲ್ಲ ಕಣೇ. ನಾವ್ಯಾಕೆ ಕೇಳಾಣ?" ಎಂದ.

ಗುರುಶಾಂತಮ್ಮನಿಗೂ ಆ ಮಾತು ಆಗ ಸರಿಯೆನ್ನಿಸಿತು. ಏಕೆ ಸುಳ್ಳು ಹೇಳಬೇಕು, ಆ ವರ್ಷದ ಬತ್ತಿ ಅವಳ ಕೈಯಲ್ಲಿ ಅದುವರೆಗೆ ಆಗಿರದಷ್ಟು ಚೆನ್ನಾಗಿ ಬಂದಿತು. ಎಣ್ಣೆ ಧಾರಾಳ, ಕೈಯೂ ಧಾರಾಳ. ಆ ಗೌರಿ ಹಬ್ಬಕ್ಕೆ ತೀರ್ಥಪ್ಪ ಬಂದಾಗ ಒಂದರ ಬದಲು ದೊಡ್ಡ ದೊಡ್ಡ ಎರಡು ಕಟ್ಟು ಇಟ್ಟಳು. "ಮನೆಯೆಲ್ಲ ಘಮ್ ಅನ್ಬೇಕು ನೋಡು, ಅಪ್ಪ ಎದ್ದು ಬರ್ಬೇಕು" ಎಂದಳು.

ತೀರ್ಥಪ್ಪ ಊರಿಗೆ ಹೋದವನು ಹಾಗೇ ಮಾಡಿದ. ಹಬ್ಬದ ದಿನಗಳೆಲ್ಲ ಬೆಳಗ್ಗೆ ಸಂಜೆ ಹಚ್ಚಿದ. ಮನೆ ಘಮ್ ಎಂದಿತು. ಆ ವಾರವೇ ಒಂದು ಬೆಳಗ್ಗೆ ಹೊಲಕ್ಕೆ ಹೋಗಿ ನೋಡಿದರೆ ಬದುವಿನ ಮೇಲೆ ಗಂಧದ ಮರ ಇಲ್ಲ. ಮರ ಇದ್ದ ಜಾಗದಲ್ಲಿ ಒಂದು ಗುಂಡಿ. ಬುಡದ ಸುತ್ತ ಅಗೆದು, ಬೇರು ಕೊಯ್ದು, ತೊಗಟೆ ಅಲ್ಲೇ ಕೆತ್ತಿ ಎಸೆದು, ತಿರುಳಷ್ಟನ್ನೇ ಹೊತ್ತು ಹೋಗಿದ್ದರು. ಕಸುಬು ಬಲ್ಲವರ ಕೆಲಸ. ತೀರ್ಥಪ್ಪ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ, ಅಪ್ಪ ಹೇಳಿಕೊಟ್ಟಂತೆ ನೇರ ಹೋಗಿ ಫಾರೆಸ್ಟರಿಗೆ ತಿಳಿಸಿದ. ಫಾರೆಸ್ಟರು ಗಾರ್ಡನನ್ನು ಕರೆದುಕೊಂಡು ಬಂದರು. ಗುಂಡಿ ನೋಡಿದರು. ಹೇಳಿಕೆ ಬರೆಸಿಕೊಳ್ಳಲು ಮನೆಗೆ ಬಂದು ಜಗಲಿಯಲ್ಲಿ ಕೂತರು. ಕೂತವರೇ ಮೂಗು ಅರಳಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮನೆಯೆಲ್ಲ ಗಂಧ! ಗೋಡೆಗೆ ಗಂಧ, ಕಂಬಳಿಗೆ ಗಂಧ. ಬದುವಿನ ಮರ ಕಾಣೆ, ಮನೆಯೊಳಗೆ ಮೂಗು ಬಿರಿಯುವಷ್ಟು ವಾಸನೆ. ಅವರ ಜಾಗದಲ್ಲಿ ನೀವಿದ್ದರೂ ಇವನೇ ಕಳ್ಳ ಅನ್ನುತ್ತಿದ್ದಿರಿ.

"ಅಕ್ಕ ಕೊಟ್ಟ ಊದ್ಬತ್ತಿ ಸ್ವಾಮಿ" ಎಂದ ತೀರ್ಥಪ್ಪ, ಕಟ್ಟು ತಂದು ತೋರಿಸಿದ.

"ಪೇಟೆ ಬತ್ತೀಲಿ ಇಷ್ಟು ಅಸಲಿ ಎಣ್ಣೆ ಯಾರಪ್ಪಾ ಹಾಕ್ತಾರೆ? ನಡಿ ಕಚೇರಿಗೆ. ನಿಮ್ ಭಾವನ್ನ ಕೇಳಿ ನೋಡಾಣ."

ಎಮರ್ಜೆನ್ಸಿಯ ದಿನಗಳು ಅವು. ಖಾಕಿ ಕಂಡರೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಊರವರೆಲ್ಲ ಕಿಟಕಿಯಲ್ಲಿ ಇಣುಕುತ್ತಿರುವಾಗ ತೀರ್ಥಪ್ಪನನ್ನು ಜೀಪು ಹತ್ತಿಸಿ, ಅಪ್ಪ ಉತ್ತ ಹೊಲದ ಪಕ್ಕದಲ್ಲೇ ಕರೆದುಕೊಂಡು ಹೋದರು.

ಅದೇ ಮಧ್ಯಾಹ್ನ ಅರಣ್ಯ ಇಲಾಖೆಯ ಇಬ್ಬರು ಕಡೂರಿನ ಅಂಗಡಿಗೆ ಬಂದರು. ಒಂದು ಕಟ್ಟು ಬತ್ತಿಯನ್ನು ಗಲ್ಲಾದ ಮೇಲೆ ಇಟ್ಟು, "ಇದು ನಿಮ್ದೇನ್ರೀ? ಎಣ್ಣೆ ಯಾರ ಹತ್ರ ತಗೊಂಡ್ರಿ? ಬಿಲ್ಲು ತೋರ್ಸಿ" ಎಂದರು.

ಷಡಕ್ಷರಿ ಕೆಟ್ಟವನಲ್ಲ. ಅಂಜುಬುರುಕ, ಅಷ್ಟೇ. ಬಿಲ್ಲು ಎಂದ ಕೂಡಲೇ, "ನಮ್ಮಲ್ಲಿ ಅಸಲಿ ಗಂಧ ಎಲ್ಲೈತೆ ಸ್ವಾಮಿ? ಬರೀ ಸೆಂಟು. ಇದು ನಮ್ ಬತ್ತಿ ಅಲ್ಲ" ಎಂದುಬಿಟ್ಟ. ಕರಿಸಿದ್ದಪ್ಪನ ಡಬ್ಬಿ ಆಗ ಅವನ ಕಾಲ ಬುಡದಲ್ಲೇ, ವಿಭೂತಿಯ ಮೂಟೆಯ ಹಿಂದೆ ಇತ್ತು. ಬಂದವರು ತೀರ್ಥಪ್ಪನ ಹೆಸರು ಹೇಳಲಿಲ್ಲ, ಅವನನ್ನು ಹಿಡಿದಿರುವುದು ಷಡಕ್ಷರಿಗೆ ಗೊತ್ತಾಗಲೂ ಇಲ್ಲ. ಗೊತ್ತಾದದ್ದು ಸಂಜೆ, ಲಿಂಗದಹಳ್ಳಿಯಿಂದ ಬಸ್ಸಿಳಿದು ಬಂದ ಒಬ್ಬ ನೆಂಟನಿಂದ.

ಗುರುಶಾಂತಮ್ಮ ಎಲ್ಲ ಕೇಳಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಒಲೆ ಹಚ್ಚಲಿಲ್ಲ.

"ಈಗ ಹೋಗಿ ನಮ್ದೇ ಬತ್ತಿ ಅಂದ್ರೆ ನನ್ನನ್ನೂ ಹಾಕ್ತಾರೆ ಕಣೇ" ಎಂದ ಷಡಕ್ಷರಿ. "ಎಲ್ಡು ದಿನ ನೋಡಾಣ. ಸಾಕ್ಷಿ ಇಲ್ಲ ಅಂತ ಅವ್ರೇ ಬಿಡ್ತಾರೆ."

"ಬಿಡ್ತಾರೆ. ಕಳ್ಳ ಅನ್ನೋ ಹೆಸರನ್ನ ಯಾರು ಬಿಡಿಸ್ತಾರೆ ರೀ?" ಎಂದಳು ಅವಳು.

ಬೆಳಗಾಗುತ್ತಲೇ ಆ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಿಗಿಟ್ಟುಕೊಂಡು, ಜೊತೆಗೆ ಹುಲಿಯಮ್ಮನನ್ನು ಕರೆದುಕೊಂಡು ಹೊರಟಳು. ಷಡಕ್ಷರಿ ಬಾಗಿಲಲ್ಲಿ ಅಡ್ಡ ನಿಂತ. ಅವಳು ಅವನ ಕಣ್ಣು ನೋಡಿದಳು. ಅವನೇ ಪಕ್ಕಕ್ಕೆ ಸರಿದ, ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದು ಬಸ್ಸಿನಲ್ಲಿ ದೂರದ ಸೀಟಿನಲ್ಲಿ ಕೂತ.

ಕಚೇರಿಯಲ್ಲಿ ಗುರುಶಾಂತಮ್ಮ ಡಬ್ಬಿಯನ್ನು ರೇಂಜರ ಮೇಜಿನ ಮೇಲಿಟ್ಟಳು. "ಬತ್ತಿ ನಮ್ದು. ಎಣ್ಣೆ ಇದು. ಬಿಲ್ಲಿಲ್ಲದೆ ತಗೊಂಡ್ವಿ. ಎಲ್ಲೀದು ಅಂತ ಕೇಳಿದ್ದೆ, ಸರಿಯಾಗಿ ಕೇಳ್ಲಿಲ್ಲ. ನನ್ ತಮ್ಮ ಮರ ಮುಟ್ಟಿಲ್ಲ ಸ್ವಾಮಿ" ಎಂದಳು. ರೇಂಜರು ಮುಚ್ಚಳ ಬಿಚ್ಚಿ ಮೂಸಿದರು. ಡಬ್ಬಿ ಜಪ್ತಿಯಾಯಿತು, ಷಡಕ್ಷರಿಯ ಮೇಲೆ ಕೇಸಾಯಿತು, ಆಮೇಲೆ ದಂಡ ಕಟ್ಟಿ ಮುಗಿಯಿತು. ಕರಿಸಿದ್ದಪ್ಪ ಆ ಹೊತ್ತಿಗೆ ಸೈಕಲ್ಲು ಸಮೇತ ಮಂಗಮಾಯ. ತೀರ್ಥಪ್ಪನನ್ನು ಆ ದಿನವೇ ಬಿಟ್ಟರು.

ಹೊರಗೆ ಹುಣಿಸೆ ಮರದ ಕೆಳಗೆ ಅಕ್ಕ ತಮ್ಮ ಎದುರುಬದುರು ನಿಂತರು. ಅವಳು ಅವನ ಕೈ ಹಿಡಿಯಲು ಹೋದಳು. ಅವನು ಹಿಂದಕ್ಕೆ ಸರಿದ.

"ಆ ಎಣ್ಣೆ ನಮ್ ಮರದ್ದಲ್ಲ ಕಣೋ ತೀರ್ಥಾ. ಮರ ಹೋಗೋಕ್ ಮೊದ್ಲೇ ತಗೊಂಡಿದ್ದು."

"ಗೊತ್ತು ಕಣಕ್ಕಾ" ಎಂದ ಅವನು. "ನಮ್ದಲ್ಲ. ಯಾರೋ ಇನ್ನೊಬ್ಬ ತೀರ್ಥಪ್ಪನ ಮರದ್ದು. ಅವ್ನೂ ಹಿಂಗೇ ಯಾವ್ದೋ ಕಚೇರಿ ಮುಂದೆ ನಿಂತಿದ್ದ ಅಂತ ಕಾಣ್ತದೆ. ನೀವು ಕೊಳ್ಳೋರು ಇದ್ದದ್ಕಲ್ವಾ ಕಳ್ರು ಕೀಳ್ತಿರೋದು? ಅಪ್ಪನ ಫೋಟೋ ಮುಂದೆ ಹಚ್ಚು ಅಂದೆ. ಹಚ್ದೆ. ಸಾಕು."

ಅವನು ಹಿಂದಿರುಗಿ ನೋಡದೆ ಬಸ್‌ ಸ್ಟ್ಯಾಂಡಿನ ಕಡೆ ನಡೆದ. ಗುರುಶಾಂತಮ್ಮ ಮುಂದಿನ ಬಸ್ಸಿನಲ್ಲಿ ಒಬ್ಬಳೇ ತವರಿನ ಹೊಲಕ್ಕೆ ಹೋದಳು. ಗಂಡನಿಗೂ ಹುಲಿಯಮ್ಮನಿಗೂ ಮನೆಗೆ ಹೋಗಿರಿ ಎಂದಳು. ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತು ಕೈ ಇಳಿಬಿಟ್ಟಳು. ಮಣ್ಣಿನಲ್ಲಿ ಗರಗಸದ ಪುಡಿ, ಒಂದೆರಡು ಬೇರಿನ ಚೂರು ಉಳಿದಿದ್ದವು. ಮೂಗಿನ ಹತ್ತಿರ ತಂದಳು. ಅಯ್ಯೋ, ಅದೇನು ವಾಸನೆ! ಇಷ್ಟು ವರ್ಷ ಮುಂಗೈ ಮೂಸಿ ಮೂಸಿ ಹುಡುಕಿದ್ದು ಇಲ್ಲಿತ್ತು. ಮೂವತ್ತು ವರ್ಷ ಮರ ತನ್ನೊಳಗೇ ಇಟ್ಟುಕೊಂಡಿದ್ದನ್ನು ಸತ್ತ ಮೇಲೆ ಬಿಟ್ಟುಕೊಟ್ಟಿತ್ತು. ಅಪ್ಪ ಹೇಳಿದ್ದು ನಿಜ, ಅದು ಸುಳ್ಳು ಗಂಧವಲ್ಲ. ಗುರುಶಾಂತಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆ ಚೂರುಗಳನ್ನು ಮನೆಗೆ ತರಲಿಲ್ಲ, ಗುಂಡಿಗೇ ಹಾಕಿ ಮಣ್ಣು ಎಳೆದು ಬಂದಳು.

ಮುಂದಿನ ವರ್ಷದ ಗೌರಿ ಹಬ್ಬಕ್ಕೆ ತೀರ್ಥಪ್ಪ ಬರಲಿಲ್ಲ. ಆದರೂ ಅವಳು ಹೋಳಿಗೆ ಮಾಡಿ, ಬಾಗಿಲಿಗೂ ಒಲೆಗೂ ಓಡಾಡಿದಳು. ಬಸ್ಸು ಬಂದ ಸದ್ದಾದಾಗಲೆಲ್ಲ ಕತ್ತು ಎತ್ತಿದಳು. ಅದರ ಮುಂದಿನ ವರ್ಷವೂ ಅಷ್ಟೆ. ಎರಡು ಸಲ ತಾನೇ ಹೋದಳು. ನಾದಿನಿ ಕಾಫಿ ಕೊಟ್ಟಳು, ತಮ್ಮ ಹೊಲದಿಂದ ಬರಲೇ ಇಲ್ಲ. ಕರೆಯದ ಮನೆಗೆ ಎಷ್ಟು ಸಲ ಹೋಗುವುದು? ಬೇರೆ ಹೆಂಗಸರ ಮನೆಗೆ ಅಣ್ಣತಮ್ಮಂದಿರು ಮೊರ ಹಿಡಿದು ಬರುವುದನ್ನು ಕಂಡರೆ ಅವಳು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ತವರು ಇದ್ದೂ ಇಲ್ಲದ ಹಾಗೆ ಆಗುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ.

ಊರಿನಿಂದ ಬಂದವರು ಇನ್ನೊಂದು ಸುದ್ದಿ ಹೇಳಿದರು. ತೀರ್ಥಪ್ಪ ಈಗ ಮುಂಗಾರು ಶುರುವಾದ ಕೂಡಲೇ ಬದುವೆಲ್ಲ ಸುತ್ತುತ್ತಾನಂತೆ. ಗಂಧದ ಸಸಿ ಒಂದು ಬೆರಳುದ್ದ ಕಂಡರೂ ಸಾಕು, ಕಿತ್ತು ಎಸೆಯುತ್ತಾನಂತೆ. ಅವನೊಬ್ಬನೇ ಅಲ್ಲ, ಆ ಸೀಮೆಯಲ್ಲಿ ಎಷ್ಟೋ ಜನ ಹೀಗೇ ಮಾಡುತ್ತಿದ್ದರು. ಬೆಳೆದರೆ ಸರ್ಕಾರಕ್ಕೆ, ಕದ್ದರೆ ತನ್ನ ತಲೆಗೆ. ಯಾರಿಗೆ ಬೇಕು ಈ ಸಂಕಟ ಎಂದು ಹಕ್ಕಿ ಬಿತ್ತಿದ್ದನ್ನೆಲ್ಲ ಅವರು ಕೀಳುತ್ತಿದ್ದರು. ಅಪ್ಪ ನೇಗಿಲು ತಪ್ಪಿಸಿ ಕಾಯ್ದ ಬದುವಿನಲ್ಲಿ ಮಗ ಸಸಿ ಕೀಳುತ್ತಿದ್ದಾನೆ ಎಂದು ಕೇಳಿ ಗುರುಶಾಂತಮ್ಮ ಆ ರಾತ್ರಿ ಉಣ್ಣಲಿಲ್ಲ.

ಅಂಗಡಿಯಲ್ಲಿ ಮಾತ್ರ ಅವಳು ಒಂದು ಹಟ ಹಿಡಿದಳು. ಸೀಲು ಒಡೆಯದ ಸರ್ಕಾರಿ ಸೀಸೆ, ಕೈಯಲ್ಲಿ ಬಿಲ್ಲು, ಇವೆರಡೂ ಇಲ್ಲದೆ ಒಂದು ಹನಿ ಎಣ್ಣೆ ಹೊಸಿಲು ದಾಟಬಾರದು. ಷಡಕ್ಷರಿ ತಲೆ ತಗ್ಗಿಸಿ ಒಪ್ಪಿದ. ಆ ಕಚೇರಿಯ ದಿನದಿಂದ ಅವನೂ ಮೆತ್ತಗಾಗಿದ್ದ. ಬತ್ತಿ ಕಡಿಮೆಯಾಯಿತು, ಕಟ್ಟು ಸಣ್ಣದಾಯಿತು, ಗಿರಾಕಿಗಳು ಗೊಣಗಿದರು. ಗಂಡಹೆಂಡಿರಿಬ್ಬರೂ ಬೀರೂರಿನಿಂದ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ ಸೀಸೆ ತರುತ್ತಿದ್ದರು. ರೈಲು ತರೀಕೆರೆಯಲ್ಲಿ ನಿಂತಾಗ ಗುರುಶಾಂತಮ್ಮ ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಿದ್ದಳು. ಷಡಕ್ಷರಿ ಕಡಲೆಕಾಯಿ ಪೊಟ್ಟಣ ಅವಳ ಮಡಿಲಿಗೆ ಇಡುತ್ತಿದ್ದ.

ಎಂಬತ್ತು ದಾಟಿದ ಮೇಲೆ ಬೊಂಬಾಯಿ ಕಡೆಯ ಒಬ್ಬ ಏಜೆಂಟು ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಚರ್ಮದ ಪೆಟ್ಟಿಗೆ. "ಗಂಧದ ತಂಟೆ ಬಿಡಿ ಯಜಮಾನ್ರೇ. ರೋಸ್‌ವುಡ್‌ ಆಯಿಲ್‌ ತಗೊಳ್ಳಿ. ನಿಮ್ಮ ಕಾಡಿನ ಬೀಟೆ ಮರದ್ದೇ. ಗುಲಾಬಿ ಹಂಗೆ ಘಮ ಘಮ. ಯಾರೂ ಬಿಲ್ಲು ಕೇಳಲ್ಲ" ಎಂದ. ನಿಜಕ್ಕೂ ವಾಸನೆ ಹಿತವಾಗಿತ್ತು. ಷಡಕ್ಷರಿಯ ಕಣ್ಣು ಮಿನುಗಿತು. ಗುರುಶಾಂತಮ್ಮನಿಗೆ ಮಾತ್ರ 'ಯಾರೂ ಬಿಲ್ಲು ಕೇಳಲ್ಲ' ಎಂಬುದು ಕಿವಿಯಲ್ಲಿ ಮುಳ್ಳಿನಂತೆ ಕೂತಿತು. ಒಂದು ಸೀಸೆ ಮಾದರಿ ಇಸಿದುಕೊಂಡು, "ಕೇಳಿ ಹೇಳ್ತೀವಿ" ಎಂದಳು.

ಮುಂದಿನ ಸಲ ಶಿವಮೊಗ್ಗದಲ್ಲಿ ಎಣ್ಣೆ ಮಾರುವ ಗುಮಾಸ್ತರಿಗೆ ಅದನ್ನು ತೋರಿಸಿದಳು. ಅವರು ಮೂಸಿ ನಕ್ಕರು.

"ನಮ್ಮ ಬೀಟೆ ಪೀಠೋಪಕರಣಕ್ಕೆ ಹೋಗೋ ಮರ ತಾಯಿ, ಅದರಿಂದ ಈ ಎಣ್ಣೆ ಬರಲ್ಲ. ಇದು ಬ್ರೆಜಿಲ್‌ ಅಂತ ಒಂದು ದೇಶ ಇದೆ, ಅಲ್ಲಿನ ಕಾಡಿನ ಬೇರೇನೇ ಮರ. ಅದನ್ನೂ ಕಡಿದು ಚಕ್ಕೆ ಮಾಡಿ ಹಬೆಯಲ್ಲಿ ಇಳಿಸ್ತಾರೆ. ನದಿ ಪಕ್ಕದ ಮರ ಎಲ್ಲ ಮುಗಿದು ಈಗ ಕಾಡಿನ ಒಳಗೊಳಗೆ ಹೋಗ್ತಿದಾರಂತೆ."

"ತಿರುಗಿ ನೆಡ್ತಾರಾ?"

"ಯಾರು ನೆಡ್ತಾರಮ್ಮಾ? ಸಿಕ್ಕಷ್ಟು ಕಡೀತಾರೆ."

ರೈಲಿನಲ್ಲಿ ಬರುವಾಗ ಗುರುಶಾಂತಮ್ಮ ಬಹಳ ಹೊತ್ತು ಆ ಸೀಸೆಯನ್ನು ಅಂಗೈಯಲ್ಲಿ ಹೊರಳಿಸಿದಳು. ಆಮೇಲೆ, "ಅಲ್ಲೂ ಒಬ್ಬ ತೀರ್ಥಪ್ಪ ಇರ್ತಾನೆ ಅಲ್ವಾ ರೀ?" ಎಂದಳು. ಷಡಕ್ಷರಿ ಅವಳ ಕೈಯಿಂದ ಸೀಸೆ ತೆಗೆದುಕೊಂಡು ಪೆಟ್ಟಿಗೆಯ ತಳಕ್ಕೆ ಹಾಕಿದ. ಏಜೆಂಟು ಮರಳಿ ಬಂದಾಗ ಅದನ್ನು ಅವನ ಕೈಗೆ ಕೊಟ್ಟು, "ಬ್ಯಾಡ ಕಣಪ್ಪಾ" ಎಂದವನು ಷಡಕ್ಷರಿಯೇ. ಆ ಅಂಜುಬುರುಕ ಮನುಷ್ಯ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಹುಲಿಯಮ್ಮ ಅದೇ ಮೊದಲು ಕಂಡದ್ದು.

ಅಷ್ಟರಲ್ಲಿ ಸರ್ಕಾರಿ ಸೀಸೆಯೂ ಕೈಗೆ ಎಟುಕದ ಹಾಗಾಯಿತು. ಒಂದು ದಿನ ಗುರುಶಾಂತಮ್ಮ, "ಸಾಕು ಬಿಡಿ. ಮರ ಬಲಿಯೋಕೆ ಒಂದು ಆಯಸ್ಸು ಬೇಕು, ನಾವು ವಾರಕ್ಕೊಂದು ಸೀಸೆ ಸುಡ್ತೀವಿ. ಗಂಧದ ಕಡ್ಡಿ ನಿಲ್ಲಿಸಾಣ" ಎಂದಳು. ದವನದ ಬತ್ತಿ ಶುರುಮಾಡಿದರು, ಲಾವಂಚದ್ದು ಶುರುಮಾಡಿದರು. ದವನ ವರ್ಷ ವರ್ಷ ಬಿತ್ತಿ ಕೊಯ್ಯುವ ಗಿಡ, ಈ ವರ್ಷ ಮುಗಿದರೆ ಮುಂದಿನ ವರ್ಷ ಇದ್ದೇ ಇದೆ. ಸೆಂಟು ಹಾಕಿ ಗಂಧ ಎಂದು ಬರೆದು ಮಾರಿ ಎಂದು ಬುದ್ಧಿ ಹೇಳಿದವರೂ ಇದ್ದರು. ಅವಳು ಕೇಳಲಿಲ್ಲ.

"ಗ್ರಂಧಿಗೆ ಅಂಗಡೀಲಿ ಗಂಧದ ಕಡ್ಡಿ ಇಲ್ವಾ? ಹಂಗಾದ್ರೆ ಬಾಗ್ಲು ಹಾಕ್ಕೊಂಡು ಮಲಗಿ ಹೋಗ್ರಿ!" ಎಂದು ಜನ ಹಾಸ್ಯ ಮಾಡಿದರು. ಮದುವೆ, ಗೃಹಪ್ರವೇಶದ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು. ಹುಲಿಯಮ್ಮನ ಜೊತೆಯ ಇಬ್ಬರು ಹೆಂಗಸರು ಕೆಲಸ ಸಾಲದೆ ಬೇರೆ ಕಡೆ ಹೋದರು. ಅವರು ಹೋದ ದಿನ ಗುರುಶಾಂತಮ್ಮನಿಗೆ ತನ್ನ ಹಟದ ಮೇಲೆ ತನಗೇ ಸಿಟ್ಟು ಬಂದಿತ್ತು. ಆದರೂ ಮರುದಿನ ಅದೇ ದವನದ ಹಿಟ್ಟು ಕಲಸಿದಳು.

ಎಂಬತ್ತೈದನೇ ಇಸವಿಯ ಗೌರಿ ಹಬ್ಬದ ಹಿಂದಿನ ದಿನ. ಷಡಕ್ಷರಿ ಊಟಕ್ಕೆ ಒಳಗೆ ಹೋಗಿದ್ದ, ಗಲ್ಲಾದಲ್ಲಿ ಗುರುಶಾಂತಮ್ಮ ಕೂತು ತಲೆ ತಗ್ಗಿಸಿ ಕಟ್ಟು ಕಟ್ಟುತ್ತಿದ್ದಳು.

"ಗಂಧದ ಕಡ್ಡಿ ಕೊಡಿ" ಎಂದಿತು ಒಂದು ದನಿ.

ಅವಳು ತಲೆ ಎತ್ತದೆಯೇ, "ಇಲ್ಲಪ್ಪಾ. ಗಂಧದ್ದು ಮಾಡೋದು ಬಿಟ್ವಿ. ದವನದ್ದು ಐತೆ" ಎಂದಳು. ಎಂದ ಮೇಲೆ ಆ ದನಿ ಎದೆಗೆ ಇಳಿಯಿತು. ಕೈಯಲ್ಲಿದ್ದ ದಾರ ಜಾರಿತು. ಎದುರಿಗೆ ತೀರ್ಥಪ್ಪ! ತಲೆ ನೆರೆತು ಅಪ್ಪನ ಹಾಗೇ ಆಗಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ ಮೊರ.

"ಊರಲ್ಲಿ ಅಂದ್ರು, ನಿಮ್ ಭಾವನ ಅಂಗಡೀಲಿ ಗಂಧ ಮಾರಲ್ವಂತೆ ಅಂತ. ನಂಬ್ಲಿಲ್ಲ. ನೋಡಾಣ ಅಂತ ಬಂದೆ" ಎಂದ. ಕಪಾಟಿನ ಮೇಲೆ ಕೆಳಗೆ ಎಲ್ಲ ಕಣ್ಣಾಡಿಸಿದ. ವಾಸನೆ ಎಳೆದು ನೋಡಿದ. ಆಮೇಲೆ ಮೊರವನ್ನು ಗಲ್ಲಾದ ಮೇಲೆ ಇಟ್ಟ. "ನಾಳೆ ನಮ್ಮನೇಲೇ ಹಬ್ಬ ಮಾಡು ಬಾ ಅಕ್ಕಾ."

ಗುರುಶಾಂತಮ್ಮ ಅಂಗಡಿ, ಬೀದಿ, ಗಿರಾಕಿ ಯಾವುದನ್ನೂ ನೋಡದೆ ಗಲ್ಲಾದ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಷಡಕ್ಷರಿ ಎಂಜಲು ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತುಬಿಟ್ಟ.

ಮರುದಿನ ಊಟವಾದ ಮೇಲೆ ಅಕ್ಕ ತಮ್ಮ ಹೊಲಕ್ಕೆ ಹೋದರು. ಹೊಂಗೆ ದೊಡ್ಡದಾಗಿತ್ತು. ಗುಂಡಿ ಮುಚ್ಚಿಹೋಗಿ ಹುಲ್ಲು ಬೆಳೆದಿತ್ತು. ತೀರ್ಥಪ್ಪ ಹೊಂಗೆಯ ಆಚೆ ಬೆಳೆದಿದ್ದ ಲಂಟಾನ ಪೊದೆಯನ್ನು ಕೈಯಿಂದ ಸರಿಸಿ, "ಇಲ್ನೋಡು" ಎಂದ. ಒಳಗೆ, ಮುಳ್ಳಿನ ಮರೆಯಲ್ಲಿ, ಮೊಣಕಾಲೆತ್ತರದ ಒಂದು ಗಂಧದ ಸಸಿ. ಹಳೆಯ ಬೇರಿನ ಚೂರಿನಿಂದ ಚಿಗುರಿತೋ, ಹಕ್ಕಿ ತಂದಿತೋ, ಅವನಿಗೂ ಗೊತ್ತಿಲ್ಲ.

"ಹೋದ್ ಮಳೆಗಾಲ್ದಲ್ಲಿ ಕೀಳಾಣ ಅಂತ ಕೈ ಹಾಕ್ದೆ ಕಣಕ್ಕಾ. ಆಗ್ಲಿಲ್ಲ. ಅಪ್ಪ ನೇಗಿಲು ತಿರುಗಿಸ್ತಿದ್ದುದು ಕಣ್ಮುಂದೆ ಬಂತು. ಬಿಟ್ಬಿಟ್ಟೆ. ಈ ಪೊದೆ ಸವರ್ದೆ ಹಂಗೇ ಇಟ್ಟೀನಿ, ಯಾರ್ ಕಣ್ಗೂ ಬೀಳ್ಬಾರ್ದು."

ಗುರುಶಾಂತಮ್ಮ ಸೆರಗು ಮುಳ್ಳಿಗೆ ಸಿಕ್ಕಿ ಹರಿದರೂ ಲೆಕ್ಕಿಸದೆ ಒಳಗೆ ನುಗ್ಗಿ ಮಂಡಿಯೂರಿದಳು. ಸಸಿಯ ಕಾಂಡ ಅವಳ ಕಿರುಬೆರಳಿನಷ್ಟೂ ಇರಲಿಲ್ಲ. ಅದಕ್ಕೆ ಮೂಗು ಒತ್ತಿದಳು.

"ಏನೂ ಇಲ್ಲ ಕಣೋ."

ತೀರ್ಥಪ್ಪ ನಕ್ಕ. ನಗುವೂ ಅಪ್ಪನದೇ. "ಒಳಗೂ ಇನ್ನೂ ಇಲ್ಲ ಕಣಕ್ಕಾ. ಮೂವತ್ತು ವರ್ಸ ಕಾಯ್ಬೇಕು."

"ಅಷ್ಟೊತ್ಗೆ ನಾನೆಲ್ಲಿರ್ತೀನೋ."

"ನಾನಾದ್ರೂ ಎಲ್ಲಿರ್ತೀನಿ?" ಎಂದ ಅವನು. "ಮತ್ತೆ ಯಾರಾದ್ರೂ ಕಿತ್ಕೊಂಡ್ ಹೋದ್ರೆ?"

ಕೊಳ್ಳುವವರು ಇನ್ನೂ ಸಾವಿರ ಜನರಿದ್ದರು, ತನ್ನದೊಂದು ಅಂಗಡಿ ಮಾತ್ರ ಕಡಿಮೆಯಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಅಪ್ಪನ ಮರದ ವಾಸನೆ ಗುಂಡಿಯ ಮುಂದೆ ಕೂತ ಆ ಒಂದು ದಿನ ಬಿಟ್ಟರೆ ಇನ್ನೆಂದೂ ತನಗೆ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕಾಗಿ ಎದೆ ಈಗಲೂ ಹಂಬಲಿಸಿತು, ಬಾಯಾರಿದ ಹಾಗೆ. ಅವಳು ಸಸಿಯ ಬುಡದ ಮಣ್ಣನ್ನು ಎರಡೂ ಕೈಯಿಂದ ಒತ್ತಿ ಗಟ್ಟಿಮಾಡಿದಳು, ಲಂಟಾನದ ಕೊಂಬೆಗಳನ್ನು ಮೊದಲಿದ್ದ ಹಾಗೇ ಅಡ್ಡ ಎಳೆದಳು.

"ಇದು ಯಾರ್ದೋ ತೀರ್ಥಾ?" ಎಂದು ಕೇಳಿದಳು, ಚಿಕ್ಕವಳಿದ್ದಾಗಿನ ದನಿಯಲ್ಲಿ.

"ಸರ್ಕಾರದ್ದು."

"ಮತ್ತೆ ನೆರಳು?"

ತೀರ್ಥಪ್ಪ ಬಗ್ಗಿ ನೋಡಿದ. ಕೊಂಬೆಗಳ ಸಂದಿಯಿಂದ ಇಳಿದ ಮಧ್ಯಾಹ್ನದ ಬಿಸಿಲಿನಲ್ಲಿ ಸಸಿಯ ನೆರಳು ಒಂದು ಅಂಗೈಯಷ್ಟು ಬಿದ್ದಿತ್ತು. ಗುರುಶಾಂತಮ್ಮ ತನ್ನ ಕೈಯನ್ನು ಅದರ ಕೆಳಗೆ ಇಟ್ಟಳು, ತೀರ್ಥಪ್ಪ "ಹೊತ್ತಾಯ್ತು ಏಳು" ಅನ್ನುವವರೆಗೂ ತೆಗೆಯಲಿಲ್ಲ.